ಕಾರಣ ಎಚ್‌ಆರ್‌ಗೆ, ದಿನಾಂಕ ಮ್ಯಾನೇಜರ್‌ಗೆ

ಇಪ್ಪತ್ತೆರಡು ವರ್ಷ ಖಾಸಗಿ ಕಂಪನಿಯೊಂದರ ಪರ್ಸನಲ್ ವಿಭಾಗದಲ್ಲಿ ಕೂತು ರಜೆ ಅರ್ಜಿಗಳನ್ನು ಓದಿದ್ದೇನೆ. ಹೆಂಗಸರು ಬರೆಯುತ್ತಿದ್ದ ಒಂದು ಬಗೆಯ ಅರ್ಜಿ ಎರಡು ಸಾಲು ಓದುವಷ್ಟರಲ್ಲಿ ನನಗೆ ಗೊತ್ತಾಗಿಬಿಡುತ್ತಿತ್ತು. ‘ತೀವ್ರ ಹೊಟ್ಟೆನೋವಿನ ನಿಮಿತ್ತ ಐದು ದಿನ ರಜೆ ಕೊಡಬೇಕು’ ಎಂದು ಮೊದಲ ಚೀಟಿ. ಅದು ಮುಗಿಯುವಷ್ಟರಲ್ಲಿ ‘ಇನ್ನೂ ಸುಸ್ತಿರುವುದರಿಂದ ನಾಲ್ಕು ದಿನ’ ಎಂದು ಎರಡನೆಯದು. ಸಿಕ್ ಲೀವ್ ಖಾಲಿಯಾಗಿ, ಗಳಿಕೆ ರಜೆಗೆ ಕೈಹಾಕಿ, ಅದೂ ಮುಗಿದ ಮೇಲೆ ಸಂಬಳ ಕಡಿತ. ಎರಡನೇ ವಾರದ ಕೊನೆಗೆ ಆಕೆ ಕೆಲಸಕ್ಕೆ ಹಾಜರು, ಮುಖ ಬಿಳುಚಿಕೊಂಡಿರುತ್ತಿತ್ತು. ಏನಾಗಿದೆ ಎಂದು ನಮಗೆ ಅಂದಾಜಿರುತ್ತಿತ್ತು. ಆದರೆ ಕಾಗದದಲ್ಲಿ ಇಲ್ಲದ್ದನ್ನು ನಾವಾಗಿ ಬರೆದುಕೊಳ್ಳುವಂತಿರಲಿಲ್ಲ. ಬಸಿರು ನಿಲ್ಲದೆ ಹೋದ ಹೆಂಗಸಿಗೆ ಆರು ವಾರ ಸಂಬಳ ಸಹಿತ ರಜೆ ಕೊಡಲೇಬೇಕು ಎಂಬ ಕಾನೂನು 1961ರಿಂದ ಇದೆ. ಆ ರಜೆ ಕೊಡಲು ನಮಗೆ ಬೇಕಾಗಿದ್ದದ್ದು ಒಂದೇ ಒಂದು ಪದ. ಅವಳು ಬರೆಯಲು ಹಿಂಜರಿಯುತ್ತಿದ್ದದ್ದೂ ಅದೇ ಪದವನ್ನೇ.

ಹಿಂಜರಿಕೆ ತಪ್ಪಲ್ಲ. ಅರ್ಜಿ ಹೋಗುವುದು ಮೊದಲು ಮ್ಯಾನೇಜರ್ ಕೈಗೆ. ಅಲ್ಲಿಂದ ಅದು ಯಾರ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗದು. ಆದ್ದರಿಂದ ಅರ್ಜಿ ಬರೆಯುವಾಗ ಹೆಚ್ಚಿನವರು ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಎಲ್ಲವನ್ನೂ ಮುಚ್ಚಿಟ್ಟು ಹಕ್ಕನ್ನು ಕಳೆದುಕೊಳ್ಳುತ್ತಾರೆ, ಇಲ್ಲವೇ ಒಂದೇ ಮೇಲ್‌ನಲ್ಲಿ ಎಲ್ಲವನ್ನೂ ಬರೆದು ಇಡೀ ವಿಭಾಗಕ್ಕೆ ತಿಳಿಯುವಂತೆ ಮಾಡಿಕೊಳ್ಳುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ, ಕಾಗದ ಎರಡು ಬರೆಯುವುದು. ಮ್ಯಾನೇಜರ್‌ಗೆ ಬೇಕಾದದ್ದು ದಿನಾಂಕ: ಎಂದಿನಿಂದ ಎಂದಿನವರೆಗೆ ಇರುವುದಿಲ್ಲ, ಕೆಲಸ ಯಾರು ನೋಡಿಕೊಳ್ಳುತ್ತಾರೆ. ಎಚ್‌ಆರ್‌ಗೆ ಬೇಕಾದದ್ದು ಕಾರಣ: ಏನಾಯಿತು, ಯಾವ ದಿನ, ಅದಕ್ಕೆ ವೈದ್ಯರ ಕಾಗದ ಎಲ್ಲಿ. ಮೊದಲನೆಯವರಿಗೆ ಕಾರಣ ಬೇಡ, ಎರಡನೆಯವರಿಗೆ ಕಾರಣ ಇಲ್ಲದೆ ಆಗದು.

ಕಳೆದ ಮಾರ್ಚ್‌ನಲ್ಲಿ ನನ್ನ ತಂಗಿಯ ಮಗಳಿಗೆ ಹೀಗಾಯಿತು. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಹನ್ನೊಂದು ವಾರ ತುಂಬಿತ್ತು. ಮಂಗಳವಾರ, 10ನೇ ತಾರೀಕು ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಇಲ್ಲವೆಂದು ಹೇಳಿದರು. ಗುರುವಾರ, 12ಕ್ಕೆ ಆಸ್ಪತ್ರೆಗೆ ಸೇರಿಸಿಕೊಂಡು ಡಿ ಅಂಡ್ ಸಿ ಮಾಡಿ ಸಂಜೆಗೆ ಮನೆಗೆ ಕಳಿಸಿದರು. ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ, ‘ದೊಡ್ಡಮ್ಮಾ, ಆಫೀಸಿಗೆ ಏನಂತ ಬರೀಲಿ? ಜ್ವರ ಅಂತ ಹಾಕಿಬಿಡ್ಲಾ?’ ಎಂದು ಕೇಳಿದಳು. ಅವಳ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳು ಹೇಳಿದ್ದೂ ಇಷ್ಟೇ: ‘ಹೆಸರು ಬೇಡ, ಕಾಗದ ಇದ್ದ ಹಾಗೇ ಹಾಕಿ.’

ಮೊದಲು ನಾವು ದಿನ ಲೆಕ್ಕ ಹಾಕಿದೆವು. ಅರವತ್ತಕ್ಕೂ ಹೆಚ್ಚು ವರ್ಷ ಈ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಮಿನಲ್ಲಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರಲ್ಲಿ ಇದು 65ನೇ ಕಲಂ. ನಂಬರು ಬದಲಾಯಿತೇ ಹೊರತು ಆರು ವಾರ ಹಾಗೇ ಇದೆ. ಗರ್ಭಪಾತವಾದ ದಿನದ ಮರುದಿನದಿಂದ ಎಣಿಸಬೇಕು. ಗರ್ಭಪಾತ ಎಂದರೆ ಕಾನೂನಿನ ಪ್ರಕಾರ ಗರ್ಭಕೋಶದಲ್ಲಿದ್ದದ್ದು ಹೊರಬರುವುದು. ಹಾಗಾಗಿ ಸ್ಕ್ಯಾನಿಂಗ್‌ನಲ್ಲಿ ಸುದ್ದಿ ಗೊತ್ತಾದ 10ನೇ ತಾರೀಕು ಲೆಕ್ಕಕ್ಕಿಲ್ಲ, ಡಿ ಅಂಡ್ ಸಿ ಆದ 12 ಲೆಕ್ಕಕ್ಕೆ ಬರುತ್ತದೆ. ರಜೆ 13ರಿಂದ ಶುರು. ಮಾರ್ಚ್‌ನಲ್ಲಿ ಹತ್ತೊಂಬತ್ತು ದಿನ, ಏಪ್ರಿಲ್‌ನಲ್ಲಿ ಇಪ್ಪತ್ತಮೂರು ದಿನ, ಒಟ್ಟು 42. ಏಪ್ರಿಲ್ 23ಕ್ಕೆ ಮುಗಿದು 24ರ ಶುಕ್ರವಾರ ಕೆಲಸಕ್ಕೆ ಹಾಜರು. ಭಾನುವಾರ, ಹಬ್ಬ ಎಲ್ಲ ಇದರೊಳಗೇ ಸೇರಿವೆ. ಆದರೆ ಆ ಭಾನುವಾರಗಳಿಗೂ ಹಣ ಸಿಗಬೇಕು. ವಾರವೆಂದರೆ ಏಳು ದಿನ, ದುಡಿದ ಆರು ದಿನವಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಬಿ. ಷಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಹೆರಿಗೆ ರಜೆಯ ಬಗ್ಗೆ ತೋಟದ ಕೂಲಿ ಹೆಂಗಸೊಬ್ಬಳಿಂದ ಹೊರಟ ವ್ಯಾಜ್ಯ ಅದು.

10, 11, 12ರ ಮೂರು ದಿನ ಈ ಆರು ವಾರದ ಹೊರಗೆ ಉಳಿದವು. ಅವಳ ಖಾತೆಯಲ್ಲಿ ಸಿಕ್ ಲೀವ್ ಇದ್ದುದರಿಂದ ಅದನ್ನೇ ಹಾಕಿಸಿದೆ. ಅದು ಇಲ್ಲದಿದ್ದರೂ ದಾರಿಯಿತ್ತು. ಬಸಿರಿನಿಂದ ಉಂಟಾದ ಅನಾರೋಗ್ಯಕ್ಕೆ ಪ್ರತ್ಯೇಕವಾಗಿ ಒಂದು ತಿಂಗಳವರೆಗೆ ವೇತನ ಸಹಿತ ರಜೆ ಅದೇ ಕಾನೂನಿನಲ್ಲಿದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಮ್ಯಾನೇಜರ್‌ಗೆ ಹೋದ ಮೇಲ್ ಹೀಗಿತ್ತು:

“ವಿಷಯ: ಮಾರ್ಚ್ 10ರಿಂದ ಏಪ್ರಿಲ್ 23ರವರೆಗೆ ರಜೆ. ಸರ್, ಮಾರ್ಚ್ 12ರಂದು ನನಗೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿದೆ. ಏಪ್ರಿಲ್ 23ರವರೆಗೆ ರಜೆಯಲ್ಲಿದ್ದು 24ರಂದು ಕೆಲಸಕ್ಕೆ ಹಾಜರಾಗುತ್ತೇನೆ. ರಜೆಯ ವಿವರ ಮತ್ತು ವೈದ್ಯರ ಪ್ರಮಾಣಪತ್ರವನ್ನು ಎಚ್‌ಆರ್‌ಗೆ ಕೊಟ್ಟಿದ್ದೇನೆ, ಮಂಜೂರಾತಿ ಅವರಿಂದ ತಮಗೆ ಬರುತ್ತದೆ. ಮಾರ್ಚ್ ತಿಂಗಳ ಬ್ಯಾಂಕ್ ತಾಳೆಪಟ್ಟಿ ಅರ್ಧ ಆಗಿದೆ, ಫೈಲು ವಿಭಾಗದ ಫೋಲ್ಡರಿನಲ್ಲಿದೆ. ವರ್ಷಾಂತ್ಯದ ಲೆಕ್ಕವನ್ನು ಬೇರೆಯವರಿಗೆ ವಹಿಸಬೇಕೆಂದು ಕೋರುತ್ತೇನೆ. ಈ ಅವಧಿಯಲ್ಲಿ ನಾನು ಫೋನಿಗೆ ಸಿಗುವುದಿಲ್ಲ. ಸಹೋದ್ಯೋಗಿಗಳಿಗೆ ನಾನು ರಜೆಯಲ್ಲಿದ್ದೇನೆ, 24ಕ್ಕೆ ಬರುತ್ತೇನೆ ಎಂದಷ್ಟೇ ತಿಳಿಸಬೇಕೆಂದು ವಿನಂತಿ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಜ್ವರ ಎಂದು ಬರೆದಿದ್ದರೆ ಮುಂದೆ ಎಚ್‌ಆರ್ ಕಾಗದಕ್ಕೂ ಇದಕ್ಕೂ ತಾಳೆಯಾಗದೆ ಅವಳೇ ವಿವರಣೆ ಕೊಡಬೇಕಾಗುತ್ತಿತ್ತು. ‘ಚಿಕಿತ್ಸೆ’ ಎಂದರೆ ಯಾರೂ ಪ್ರಶ್ನಿಸುವಂತಿಲ್ಲ, ಎಷ್ಟು ದಿನ ಎಂಬುದೂ ಖಚಿತ. ಕೊನೆಯ ಸಾಲನ್ನು ನಾನು ಒತ್ತಾಯ ಮಾಡಿ ಸೇರಿಸಿದೆ. ತಂಡಕ್ಕೆ ಏನು ಹೇಳಬೇಕು ಎಂದು ಗೊತ್ತಾಗದ ಮ್ಯಾನೇಜರ್‌ಗಳೇ ಹೆಚ್ಚು. ಹೇಳಬೇಕಾದ ವಾಕ್ಯವನ್ನು ನಾವೇ ಕೊಟ್ಟರೆ ಅವರಿಗೂ ನಿರಾಳ, ಊಹಾಪೋಹಕ್ಕೂ ಎಡೆಯಿಲ್ಲ.

ಮ್ಯಾನೇಜರ್‌ಗೆ ಬಸಿರಿನ ವಿಷಯ ಮೊದಲೇ ತಿಳಿಸಿದ್ದವರು ಒಂದು ಸಾಲು ಹೆಚ್ಚಿಗೆ ಬರೆಯಬೇಕಾಗುತ್ತದೆ. ಇಲ್ಲದಿದ್ದರೆ ಆರು ವಾರ ಬಿಟ್ಟು ಬಂದವಳನ್ನು ‘ಎಷ್ಟನೇ ತಿಂಗಳು ಈಗ?’ ಎಂದು ಎಲ್ಲರೆದುರು ಕೇಳುತ್ತಾರೆ. ಅದನ್ನು ಕಿವಿಯಾರೆ ಕೇಳಿದ್ದೇನೆ. ‘ಹಿಂದೆ ತಿಳಿಸಿದ್ದ ನನ್ನ ಬಸಿರು ಮುಂದುವರಿಯಲಿಲ್ಲ. ಇದರ ಬಗ್ಗೆ ಮಾತನಾಡುವ ಸ್ಥಿತಿಯಲ್ಲಿ ನಾನಿಲ್ಲ, ದಯವಿಟ್ಟು ತಮ್ಮಲ್ಲೇ ಇರಲಿ’ ಎಂದರೆ ಸಾಕು. ಯಾಕೆ, ಹೇಗೆ ಎಂಬುದು ಬೇಡ.

ಎಚ್‌ಆರ್ ಕಾಗದ ಬೇರೆಯೇ ಮಾತಿನದು. ಅಲ್ಲಿ ನಯಕ್ಕಿಂತ ನಿಖರತೆ ಮುಖ್ಯ. ಆದರೆ ವಿಷಯದ ಸಾಲಿನಲ್ಲಿ ಆ ಪದ ಇರಬಾರದು. ಮೇಲ್ ಬಂದಾಗ ಪರದೆಯ ಮೂಲೆಯಲ್ಲಿ ಮಿಂಚುವುದು ಆ ಸಾಲೇ, ಪಕ್ಕದ ಕುರ್ಚಿಯವರೂ ಓದಿಬಿಡಬಹುದು.

“ವಿಷಯ: ರಜೆ ಅರ್ಜಿ, ಗೋಪ್ಯ. ಮಾನ್ಯರೇ, ಮಾರ್ಚ್ 12ರಂದು ನನಗೆ ಗರ್ಭಪಾತವಾಗಿದೆ. ಸಾಮಾಜಿಕ ಭದ್ರತಾ ಸಂಹಿತೆ, 2020ರ 65ನೇ ಕಲಮಿನ ಪ್ರಕಾರ ಮಾರ್ಚ್ 13ರಿಂದ ಏಪ್ರಿಲ್ 23ರವರೆಗೆ, ಆರು ವಾರ, ವೇತನ ಸಹಿತ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಮಾರ್ಚ್ 10, 11 ಮತ್ತು 12ನ್ನು ಸಿಕ್ ಲೀವ್ ಎಂದು ಪರಿಗಣಿಸಬೇಕು. ಆರು ವಾರಗಳನ್ನು ನನ್ನ ಸಿಕ್ ಲೀವ್ ಅಥವಾ ಗಳಿಕೆ ರಜೆಯ ಖಾತೆಯಿಂದ ಕಳೆಯಬಾರದಾಗಿ ವಿನಂತಿ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ. ನನ್ನ ಮ್ಯಾನೇಜರ್‌ಗೆ ದಿನಾಂಕಗಳನ್ನು ಮಾತ್ರ ತಿಳಿಸಿದ್ದೇನೆ. ಕಾರಣವನ್ನು ಮಂಜೂರಾತಿಗೆ ಅಗತ್ಯವಿರುವವರ ಹೊರತು ಬೇರೆ ಯಾರಿಗೂ ತಿಳಿಸಬಾರದು, ರಜೆಯ ಕ್ಯಾಲೆಂಡರಿನಲ್ಲಿ ‘ರಜೆ’ ಎಂದಷ್ಟೇ ಕಾಣುವಂತೆ ಮಾಡಬೇಕು. ಮಂಜೂರಾತಿಯನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.”

ಕ್ಯಾಲೆಂಡರಿನ ಮಾತನ್ನು ಕಡೆಗಣಿಸಬೇಡಿ. ಕಂಪನಿಗಳ ರಜೆ ಪೋರ್ಟಲ್‌ನಲ್ಲಿ ಈ ರಜೆ ‘ಮೆಟರ್ನಿಟಿ ಲೀವ್’ ಎಂಬ ತಲೆಬರಹದ ಕೆಳಗೇ ಬರುವುದುಂಟು. ಮಂಜೂರಾದ ಕೂಡಲೇ ಮ್ಯಾನೇಜರ್‌ಗೆ, ಕೆಲವು ಕಡೆ ತಂಡಕ್ಕೆಲ್ಲ, ತಾನಾಗಿಯೇ ಒಂದು ಮೇಲ್ ಹೋಗುತ್ತದೆ. ಅದನ್ನು ನೋಡಿ ಅಭಿನಂದನೆಯ ಸಂದೇಶ ಕಳಿಸಿದವರಿದ್ದಾರೆ. ಆದ್ದರಿಂದ ಪೋರ್ಟಲ್‌ನಲ್ಲಿ ತಾವಾಗಿ ರಜೆ ಹಾಕುವ ಮೊದಲು ಎಚ್‌ಆರ್‌ಗೆ ಮೇಲ್ ಕಳಿಸಿ, ‘ಇದನ್ನು ನಿಮ್ಮ ಕಡೆಯಿಂದಲೇ ದಾಖಲಿಸಿ’ ಎಂದು ಕೇಳುವುದು ಒಳ್ಳೆಯದು. ಆ ವಿಭಾಗದಲ್ಲಿ ಹತ್ತು ಜನ ನೋಡುವ ಸಾಮಾನ್ಯ ಮೇಲ್ ವಿಳಾಸ ಇದ್ದರೆ ಅದಕ್ಕೆ ಕಳಿಸದೆ ಒಬ್ಬರ ಹೆಸರಿಗೇ ಕಳಿಸಿ.

ಪ್ರಮಾಣಪತ್ರದಲ್ಲಿ ಏನಿರಬೇಕು ಎಂಬುದು ಅರ್ಜಿಗಿಂತ ದೊಡ್ಡ ತಲೆನೋವು. ಆಸ್ಪತ್ರೆಯಿಂದ ಬರುವಾಗ ಕೈಗೆ ಸಿಗುವುದು ಡಿಸ್‌ಚಾರ್ಜ್ ಸಮ್ಮರಿ. ಎಷ್ಟನೇ ಬಸಿರು, ಹಿಂದೆ ಏನಾಗಿತ್ತು, ಥೈರಾಯ್ಡ್ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಎಲ್ಲವೂ ಅದರಲ್ಲಿರುತ್ತದೆ. ಕಚೇರಿಗೆ ಇದ್ಯಾವುದೂ ಬೇಡ. ಇನ್ನೊಂದು ತೊಡಕು, ತಾನಾಗಿಯೇ ಹೋದದ್ದನ್ನೂ ವೈದ್ಯರು ‘ಮಿಸ್ಡ್ ಅಬಾರ್ಷನ್’, ‘ಇನ್‌ಕಂಪ್ಲೀಟ್ ಅಬಾರ್ಷನ್’ ಎಂದೇ ಬರೆಯುತ್ತಾರೆ. ಅವರಿಗೆ ಅದು ರೋಗದ ಹೆಸರು. ಓದುವ ಗುಮಾಸ್ತರಿಗೆ ಅದು ‘ತೆಗೆಸಿಕೊಂಡಳು’ ಎಂದು ಕೇಳಿಸುತ್ತದೆ. ತಾನಾಗಿ ಹೋಯಿತೋ ವೈದ್ಯರ ಕೈಯಲ್ಲಿ ಕಾನೂನುಬದ್ಧವಾಗಿ ತೆಗೆಸಿದ್ದೋ ಎಂಬ ಭೇದವನ್ನು ಈ ರಜೆಯಲ್ಲಿ ಕಾನೂನು ಮಾಡುವುದೇ ಇಲ್ಲ, ಎರಡಕ್ಕೂ ಆರು ವಾರ. ಹೀಗಿರುವಾಗ ಎಚ್‌ಆರ್‌ಗೆ ಆ ಪ್ರಶ್ನೆ ಕೇಳುವ ಅಗತ್ಯವಿಲ್ಲ, ನಾವು ಉತ್ತರಿಸುವ ಅಗತ್ಯವೂ ಇಲ್ಲ. ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೂ ಇದೇ ಮಾತು. ಕಾನೂನಿನಲ್ಲಿರುವುದು ‘ಮಹಿಳೆ’ ಎಂಬ ಪದ, ‘ಪತ್ನಿ’ ಅಲ್ಲ.

ಹಾಗಾಗಿ ವೈದ್ಯರ ಹತ್ತಿರ ಬೇರೆಯೇ ಒಂದು ಕಾಗದ ಬರೆಸಿಕೊಳ್ಳಬೇಕು. ನಮ್ಮ ಹುಡುಗಿಗೆ ಬರೆಸಿದ್ದು ಮೂರೇ ಸಾಲು: ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ, ಗರ್ಭಕ್ಕೆ 26 ವಾರ ತುಂಬುವ ಮೊದಲೇ ಮಾರ್ಚ್ 12ರಂದು ಗರ್ಭಪಾತವಾಗಿದೆ, ಮರುದಿನದಿಂದ ಆರು ವಾರ ವಿಶ್ರಾಂತಿ ಬೇಕು. ಕೆಳಗೆ ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ. ಹನ್ನೊಂದು ವಾರ ಎಂದು ಬರೆಸಲಿಲ್ಲ, 26ರೊಳಗೆ ಎಂದರೆ ಸಾಕಿತ್ತು. ಅದೇ ಗಡಿ. 26 ವಾರ ದಾಟಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ ಕಾನೂನು ಅದನ್ನು ಗರ್ಭಪಾತ ಎನ್ನುವುದಿಲ್ಲ, ಹೆರಿಗೆ ಎನ್ನುತ್ತದೆ. ಜೀವವಿಲ್ಲದೆ ಹುಟ್ಟಿದ ಮಗುವೂ ಮಗುವೇ ಎಂದು ಅಲ್ಲಿ ಸ್ಪಷ್ಟವಾಗಿದೆ. ಆಗ ಸಿಗುವುದು ಆರು ವಾರವಲ್ಲ, ಹೆರಿಗೆ ರಜೆ. ಅಂಥ ಸಂಕಟದಲ್ಲಿರುವವಳಿಗೆ ‘ಮಗು ಇಲ್ಲವಲ್ಲ, ಆರು ವಾರ ಸಾಕು’ ಎಂದು ಹೇಳುವ ಕಚೇರಿಗಳಿವೆ. ಅದು ಕ್ರೂರವೂ ಹೌದು, ಕಾನೂನಿಗೆ ವಿರುದ್ಧವೂ ಹೌದು.

ಖಚಿತಪಡಿಸಿಕೊಳ್ಳುತ್ತೇವೆ ಎಂದು ಎಚ್‌ಆರ್‌ನವರು ಆಸ್ಪತ್ರೆಗೇ ಫೋನ್ ಮಾಡುವುದೂ ಉಂಟು. ಪ್ರಮಾಣಪತ್ರ ತಮ್ಮದೇ ಎಂದು ಆಸ್ಪತ್ರೆಯವರು ಹೇಳಬಹುದು, ಅದಕ್ಕಿಂತ ಹೆಚ್ಚಿನದನ್ನು ರೋಗಿಯ ಒಪ್ಪಿಗೆಯಿಲ್ಲದೆ ಹೇಳಬಾರದು. ಗರ್ಭ ತೆಗೆಸಿಕೊಂಡ ಪ್ರಕರಣದಲ್ಲಂತೂ 2021ರ ತಿದ್ದುಪಡಿಯ ನಂತರ ಹೆಂಗಸಿನ ಹೆಸರು, ವಿವರ ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಸ್ಕ್ಯಾನಿಂಗ್ ರಿಪೋರ್ಟ್ ತನ್ನಿ ಎಂದರೆ, ‘ಪ್ರಮಾಣಪತ್ರದಲ್ಲಿ ಯಾವ ಅಂಶ ಸಾಲದು ಎಂದು ಬರಹದಲ್ಲಿ ತಿಳಿಸಿ, ಅದನ್ನು ವೈದ್ಯರಿಂದ ಸೇರಿಸಿ ತರುತ್ತೇನೆ’ ಎಂದು ಉತ್ತರಿಸಿ. ನಾನು ಆ ಕುರ್ಚಿಯಲ್ಲಿದ್ದಾಗ ಇಂಥ ಉತ್ತರ ಬಂದ ಮೇಲೆ ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಆ ಪದವನ್ನು ಬರೆಯಲೇಬೇಕು ಎಂದು ನಾನು ಹಠ ಹಿಡಿಯುವುದಕ್ಕೆ ರಜೆ, ಸಂಬಳಕ್ಕಿಂತ ದೊಡ್ಡ ಕಾರಣವೊಂದಿದೆ. ಗರ್ಭಪಾತವಾದ ಮೇಲಿನ ಆರು ವಾರ, ತಿಳಿದೂ ಆ ಹೆಂಗಸನ್ನು ಯಾವ ಮಾಲೀಕನೂ ದುಡಿಸಿಕೊಳ್ಳಬಾರದು ಎಂದು ಕಾನೂನು ನಿಷೇಧಿಸಿದೆ. ‘ತಿಳಿದೂ’ ಎಂಬ ಮಾತು ಅಲ್ಲಿಯೇ ಇದೆ. ಜ್ವರ ಎಂದು ಬರೆದವಳ ವಿಷಯದಲ್ಲಿ ಮಾಲೀಕನಿಗೆ ತಿಳಿದಿಲ್ಲ. ‘ಲ್ಯಾಪ್‌ಟಾಪ್ ಮನೆಯಲ್ಲೇ ಇದೆಯಲ್ಲ, ದಿನಕ್ಕೆ ಎರಡು ಗಂಟೆ ನೋಡಿಕೊಡಿ’ ಎಂದು ಅವನು ಕೇಳಿದರೆ ತಪ್ಪು ಹೊರಿಸಲಾಗದು. ಎಚ್‌ಆರ್‌ಗೆ ಬರಹದಲ್ಲಿ ತಿಳಿಸಿದ ಮರುಕ್ಷಣ ಕಂಪನಿಗೆ ತಿಳಿದಂತಾಯಿತು. ಆ ಮೇಲೆ ಅದೇ ಎರಡು ಗಂಟೆ ನಿಯಮಭಂಗ. ಈ ರಜೆಯಲ್ಲಿರುವಾಗ ಕೆಲಸದಿಂದ ತೆಗೆದುಹಾಕುವಂತೆಯೂ ಇಲ್ಲ.

ಇದರಿಂದ ಇನ್ನೊಂದು ಕಡೆ ಕಷ್ಟವೂ ಇದೆ, ಅದನ್ನೂ ಹೇಳಿಬಿಡಬೇಕು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ, ಕೆಲಸಕ್ಕೆ ಹೋದರೇ ವಾಸಿ ಎನ್ನುವ ಹೆಂಗಸರು ಬೇಕಾದಷ್ಟಿದ್ದಾರೆ. ಎರಡು ವಾರಕ್ಕೇ ಮರಳುತ್ತೇನೆ ಎಂದರೆ ಕಾನೂನು ಒಪ್ಪುವುದಿಲ್ಲ, ಹೆಂಗಸೂ ಆ ಆರು ವಾರ ಕೆಲಸ ಮಾಡಬಾರದು ಎಂದೇ ಅದರಲ್ಲಿದೆ. ನೆಲ ಅಗೆಯುವ, ಕಲ್ಲು ಹೊರುವ ಕೆಲಸ ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮ ಇದ್ದೀತು. ಮೇಜಿನ ಕೆಲಸದವರಿಗೆ ಇಷ್ಟು ಬಿಗಿ ಬೇಕೇ ಎಂದು ನನಗೂ ಅನುಮಾನವಿದೆ. ಆದರೂ ಸಡಿಲಿಸಿದರೆ ಆ ಸಡಿಲಿಕೆಯ ಲಾಭ ಪಡೆಯುವುದು ಹೆಂಗಸಲ್ಲ, ಬೇಗ ಬಾ ಎಂದು ಒತ್ತಾಯಿಸುವ ಮ್ಯಾನೇಜರ್ ಎಂಬುದನ್ನು ನೋಡಿದವಳು ನಾನು. ಬಿಗಿಯೇ ಇರಲಿ.

ಆರು ವಾರ ಸಾಲದೆ ಹೋದರೆ ಮೊದಲು ಹೇಳಿದ ಆ ಒಂದು ತಿಂಗಳು ನೆರವಿಗೆ ಬರುತ್ತದೆ. ರಕ್ತಸ್ರಾವ ನಿಲ್ಲದಿರುವುದು, ಒಳಗೆ ಉಳಿದದ್ದನ್ನು ತೆಗೆಯಲು ಎರಡನೇ ಸಲ ಆಸ್ಪತ್ರೆಗೆ ಹೋಗಬೇಕಾಗುವುದು, ಸೋಂಕು, ಇವೆಲ್ಲ ಆಗುತ್ತವೆ. ಕಾನೂನಿನಲ್ಲಿ ‘ಅನಾರೋಗ್ಯ’ ಎಂದಷ್ಟೇ ಇದೆ, ದೇಹದ್ದು ಮಾತ್ರ ಎಂದು ಎಲ್ಲೂ ಇಲ್ಲ. ನಿದ್ದೆ ಬಾರದೆ, ಊಟ ಸೇರದೆ ಮನೋವೈದ್ಯರ ಹತ್ತಿರ ಹೋದವರು ಅವರ ಪ್ರಮಾಣಪತ್ರ ಇಟ್ಟು ಕೇಳಬಹುದು. ಹೊಸ ಅರ್ಜಿ, ಹೊಸ ಪ್ರಮಾಣಪತ್ರ ಬೇಕು, 42ನೇ ದಿನಕ್ಕೆ ಮೊದಲೇ ತಲುಪಬೇಕು. ‘ಗರ್ಭಪಾತದ ನಂತರದ ಅನಾರೋಗ್ಯಕ್ಕೆ ಚಿಕಿತ್ಸೆ ನಡೆಯುತ್ತಿದೆ, ಇಂಥ ದಿನದವರೆಗೆ ವಿಶ್ರಾಂತಿ ಬೇಕು’ ಎಂದರೆ ಸಾಕು, ಯಾವ ವೈದ್ಯರು ಯಾವ ಕಾಯಿಲೆ ಎಂಬ ಕಥೆ ಅರ್ಜಿಯಲ್ಲಿ ಬೇಡ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ಕಟ್ಟುವವರ ದಾರಿ ಸ್ವಲ್ಪ ಬೇರೆ. ಅವರಿಗೆ ರಜೆ ಕೊಡುವುದು ಕಾರ್ಖಾನೆ, ಆರು ವಾರದ ಹಣ ಕೊಡುವುದು ಇಎಸ್‌ಐ ನಿಗಮ. ಪ್ರಮಾಣಪತ್ರ ಇಎಸ್‌ಐ ವೈದ್ಯರದ್ದೇ ಆಗಿರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಶಾಖಾ ಕಚೇರಿಗೆ ಅಲೆದಾಟ ಶುರುವಾಗುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಹಾಕುವ ಹೆಣ್ಣುಮಕ್ಕಳ ತೊಂದರೆ ಕಾಗದಕ್ಕಿಂತ ಮೊದಲೇ ಶುರುವಾಗುತ್ತದೆ. ಅಲ್ಲಿ ರಜೆ ಕೇಳುವುದು ಬಾಯಿಮಾತಿನಲ್ಲಿ, ಸಾಲಿನ ಸೂಪರ್‌ವೈಸರ್ ಹತ್ತಿರ, ಹೆಚ್ಚಿನ ಸಲ ಗಂಡಸಿನ ಹತ್ತಿರ, ಮಿಷನ್ ಸದ್ದಿನ ನಡುವೆ ಕೂಗಿ. ಅಂಥವರು ಸೂಪರ್‌ವೈಸರ್‌ಗೆ ‘ಆಸ್ಪತ್ರೆಗೆ ಸೇರಿದ್ದೆ ಅಣ್ಣಾ, ಆರು ವಾರ ಬರಲ್ಲ, ಚೀಟಿ ಆಫೀಸಿಗೆ ಕೊಡ್ತೀನಿ’ ಎಂದಷ್ಟೇ ಹೇಳಲಿ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಪರ್ಸನಲ್ ಆಫೀಸಿನಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಹಿತ ಮೊಹರು ಹಾಕಿಸಿಕೊಳ್ಳಲಿ. ಗಂಡನೋ ತಾಯಿಯೋ ಹೋಗಿ ಕೊಟ್ಟರೂ ನಡೆಯುತ್ತದೆ. ಹೇಳದೆ ಗೈರುಹಾಜರಾದಳು ಎಂಬ ಆರೋಪಕ್ಕೆ ಆ ಮೊಹರೇ ಉತ್ತರ.

ಸರ್ಕಾರಿ ನೌಕರರಿಗೆ ಅವರವರ ಸೇವಾ ನಿಯಮ ಅನ್ವಯಿಸುತ್ತದೆ. ಕೇಂದ್ರದವರಿಗೆ ಗರ್ಭಪಾತಕ್ಕೆ ಇಡೀ ಸೇವೆಯಲ್ಲಿ ಒಟ್ಟು 45 ದಿನ ಮಾತ್ರ. ಎರಡು ಸಲ ಆದವಳಿಗೆ ಎರಡನೇ ಸಲ ಉಳಿದಷ್ಟೇ ಸಿಗುತ್ತದೆ. ಮಗು ಜೀವವಿಲ್ಲದೆ ಹುಟ್ಟಿದರೆ ಅಥವಾ ಹುಟ್ಟಿದ ಕೂಡಲೇ ತೀರಿಕೊಂಡರೆ 60 ದಿನದ ವಿಶೇಷ ರಜೆಯ ಆದೇಶ 2022ರ ಸೆಪ್ಟೆಂಬರಿನಲ್ಲಿ ಬಂದಿದೆ. ಗಂಡಂದಿರಿಗೆ ಮಾತ್ರ ಖಾಸಗಿ ಕೆಲಸದಲ್ಲಿ ಇದಕ್ಕೆಂದೇ ಕಾನೂನಿನ ರಜೆ ಇಲ್ಲ. ತಮ್ಮ ಖಾತೆಯ ರಜೆಯನ್ನು ‘ಮನೆಯವರ ಅನಾರೋಗ್ಯ’ ಎಂದು ಕೇಳಬಹುದು. ಅವಳು ಮುಚ್ಚಿಟ್ಟದ್ದನ್ನು ಅವನು ತನ್ನ ಆಫೀಸಿನಲ್ಲಿ ಬಿಚ್ಚಿಡಬಾರದು, ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿ.

ನಮ್ಮ ಹುಡುಗಿಯ ಅರ್ಜಿಗೆ ಎಚ್‌ಆರ್‌ನಿಂದ ಮೊದಲು ಬಂದ ಉತ್ತರ, ‘ನಮ್ಮ ಪೋರ್ಟಲ್‌ನಲ್ಲಿ ಈ ಬಗೆಯ ರಜೆ ಇಲ್ಲ, ಸಿಕ್ ಲೀವ್ ಎಂದೇ ಹಾಕಿ’ ಎಂಬುದು. ಪೋರ್ಟಲ್‌ನಲ್ಲಿ ಇಲ್ಲದಿರುವುದು ಕಾನೂನಿನಲ್ಲಿ ಇಲ್ಲದಿರುವುದಲ್ಲ. ಅವಳು ವಾದಕ್ಕಿಳಿಯದೆ ಒಂದೇ ಸಾಲು ಬರೆದಳು: ‘65ನೇ ಕಲಮಿನ ರಜೆಯನ್ನು ಪೋರ್ಟಲ್‌ನ ಹೊರಗೆ ದಾಖಲಿಸಿ, ಸಂಬಳ ವಿಭಾಗಕ್ಕೆ ತಿಳಿಸಬೇಕೆಂದು ವಿನಂತಿ.’ ಎರಡು ದಿನದ ಮೇಲೆ ಮಂಜೂರಾತಿ ಬಂತು. ಅದು ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಮಂಜೂರಾದ ರಜೆ ಸಂಬಳದ ಲೆಕ್ಕಕ್ಕೆ ತಲುಪದೆ, ದಿನಗಳು ಕಡಿತವಾಗಿಬಿಡುವುದು ನಾನು ತಿಂಗಳು ತಿಂಗಳೂ ಕಂಡ ತಪ್ಪು. ಗೊತ್ತಾಗುವುದು ಸಂಬಳ ಚೀಟಿಯಲ್ಲಿ ಮಾತ್ರ. ಮಾರ್ಚ್ ಚೀಟಿಯಲ್ಲಿ ಸಂಬಳದ ದಿನ 31 ಎಂದಿರಬೇಕು, ಏಪ್ರಿಲ್‌ನದರಲ್ಲಿ 30. ಸಿಕ್ ಲೀವ್ ಖಾತೆಯಿಂದ ಮೂರೇ ದಿನ ಕಡಿಮೆಯಾಗಿರಬೇಕು.

ಅವಳ ಮಾರ್ಚ್ ಚೀಟಿಯಲ್ಲಿ 12 ಎಂದಿತ್ತು. ಮಂಜೂರಾತಿಯ ಮೇಲ್ ಲಗತ್ತಿಸಿ ಬರೆದಳು, ಏಪ್ರಿಲ್ ಸಂಬಳದ ಜೊತೆ ಹತ್ತೊಂಬತ್ತು ದಿನದ ಬಾಕಿ ಬಂತು. 24ಕ್ಕೆ ಕೆಲಸಕ್ಕೆ ಹೋದಾಗ ಪಕ್ಕದ ಮೇಜಿನವಳು, ‘ಹುಷಾರಾದ್ರಾ?’ ಎಂದು ಕೇಳಿದಳಂತೆ. ‘ಹೂಂ, ಪರವಾಗಿಲ್ಲ’ ಎಂದು ಹೇಳಿ ಕಂಪ್ಯೂಟರ್ ತೆರೆದಳಂತೆ. ಬೇರೆ ಯಾರೂ ಏನೂ ಕೇಳಲಿಲ್ಲ ಎಂದು ರಾತ್ರಿ ಫೋನಿನಲ್ಲಿ ಹೇಳಿದಳು.